ಮೀಡಿಯಾ ಕಿಟ್‌ನ ಮೊದಲ ನಾಲ್ಕು ಸಾಲು

(ರೀಲ್ಸ್ ಮತ್ತು ಯೂಟ್ಯೂಬ್ ವಿಡಿಯೊ ಮಾಡುವ ಯುವಕ ಯುವತಿಯರ ಮುಂದೆ ಧಾರವಾಡದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನಾನು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಜಾಹೀರಾತು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಸೀರೆ ಅಂಗಡಿಯವರು, ಖಾನಾವಳಿಯವರು, ಮನೆಯಲ್ಲೇ ಹಿಂಡಿ, ಚಟ್ನಿಪುಡಿ ಮಾಡಿ ಮಾರುವವರು ನಮ್ಮಲ್ಲಿಗೆ ಬಂದು ‘ರೀಲ್ಸ್ ಮಾಡುವವರು ಯಾರಾದರೂ ಇದ್ದರೆ ಹೇಳಿ’ ಎಂದು ಕೇಳುತ್ತಾರೆ. ನೀವು ಕಳಿಸುವ ಮೀಡಿಯಾ ಕಿಟ್‌ಗಳು ಅವರಿಗಿಂತ ಮೊದಲು ನನ್ನ ಮೇಜಿಗೆ ಬರುತ್ತವೆ. ಆದ್ದರಿಂದ ಕಿಟ್ ಬರೆಯುವವರ ಕಡೆಯಿಂದಲ್ಲ, ಓದುವವರ ಕಡೆಯಿಂದ ಮಾತನಾಡುತ್ತೇನೆ. ಅದರಲ್ಲೂ ಕಿಟ್ ಪೂರ್ತಿಯಾಗಿ ಬೇಡ. ಬಣ್ಣ, ಫೋಟೊ, ವಿನ್ಯಾಸ ಎಲ್ಲವನ್ನೂ ಬದಿಗಿಟ್ಟು, ಮೊದಲ ಪುಟದಲ್ಲಿ ನಿಮ್ಮ ಬಗ್ಗೆ ನೀವೇ ಬರೆದುಕೊಳ್ಳುವ ಆ ಪುಟ್ಟ ಪರಿಚಯವನ್ನಷ್ಟೇ ನೋಡೋಣ. ಅಂಗಡಿಯ ಯಜಮಾನರು ಓದುವುದು ಅಷ್ಟನ್ನೇ.

ಗದಗ-ಬೆಟಗೇರಿಯ ಒಬ್ಬ ಹೆಣ್ಣುಮಗಳು ಕಳಿಸಿದ ಪರಿಚಯ ಹೀಗಿತ್ತು. ಹೆಸರು ಹೇಳುವುದಿಲ್ಲ. ಲೆಕ್ಕ ಹಿಡಿಯಲು ಸುಲಭವಾಗಲಿ ಎಂದು ಅಂಕಿಗಳನ್ನು ಕೊಂಚ ದುಂಡಗೆ ಮಾಡಿದ್ದೇನೆ.

‘ಉತ್ತರ ಕರ್ನಾಟಕದ ಜನಪ್ರಿಯ ಫುಡ್ ಮತ್ತು ಲೈಫ್‌ಸ್ಟೈಲ್ ಕ್ರಿಯೇಟರ್. 24 ಸಾವಿರ ಫಾಲೋವರ್‌ಗಳು. ತಿಂಗಳಿಗೆ 8 ಲಕ್ಷಕ್ಕೂ ಹೆಚ್ಚು ವೀಕ್ಷಣೆ. ಆರು ಪ್ರಮುಖ ಬ್ರ್ಯಾಂಡ್‌ಗಳೊಂದಿಗೆ ಕೆಲಸ ಮಾಡಿದ ಅನುಭವ.’

ನಾಲ್ಕು ಸಾಲುಗಳು. ಒಂದೂ ಹಸಿ ಸುಳ್ಳಲ್ಲ. ಇನ್‌ಸೈಟ್ಸ್ ತೆರೆದು ತೋರಿಸು ಎಂದರೆ 24 ಸಾವಿರವೂ ಸಿಗುತ್ತದೆ, 8 ಲಕ್ಷವೂ ಸಿಗುತ್ತದೆ. ಹಾಗಿದ್ದರೂ ಈ ಪರಿಚಯವನ್ನು ನಂಬಿ ದುಡ್ಡು ಹಾಕುವ ಅಂಗಡಿಯವರು ಆಮೇಲೆ ಕೈಕೈ ಹಿಸುಕಿಕೊಳ್ಳುತ್ತಾರೆ. ಈ ಕಿಟ್ ಹೋಗಬೇಕಿದ್ದ ಅಂಗಡಿ ಯಾವುದು ಎಂಬುದನ್ನೂ ಹೇಳಿಬಿಡುತ್ತೇನೆ: ಹುಬ್ಬಳ್ಳಿಯ ವಿದ್ಯಾನಗರದ ಕಡೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾರುವವರು. ಅಂಗಡಿಗೆ ಬರುವ ಗಿರಾಕಿಗಳ ಜೊತೆಗೆ, ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಪಾರ್ಸಲ್ ಕಳಿಸುವ ವ್ಯಾಪಾರವೂ ಅವರಿಗಿದೆ. ಅವರ ಕಣ್ಣಿನಿಂದ ಒಂದೊಂದೇ ಸಾಲು ಓದೋಣ.

ಮೊದಲು ಆ 8 ಲಕ್ಷ. ಇದರಲ್ಲೇ ಎಲ್ಲಕ್ಕಿಂತ ಹೆಚ್ಚು ಗೊಂದಲವಿದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಆ ತಿಂಗಳು ಆಕೆ ಹಾಕಿದ್ದು ಹನ್ನೆರಡು ರೀಲ್‌ಗಳು. ವೀಕ್ಷಣೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಲು ಹೇಳಿದೆ. ಬಂದದ್ದು ಇದು: 3,100, 3,400, 3,900, 4,200, 4,600, 5,000, 5,400, 6,100, 7,000, 8,500, 14,000, ಕೊನೆಯದು 7,80,000. ಎಲ್ಲ ಕೂಡಿಸಿದರೆ 8,45,200. ‘ತಿಂಗಳಿಗೆ 8 ಲಕ್ಷಕ್ಕೂ ಹೆಚ್ಚು’ ಎಂಬುದು ಹುಟ್ಟಿದ್ದು ಇಲ್ಲಿಂದ. ಹನ್ನೆರಡರಿಂದ ಭಾಗಿಸಿದರೆ ಒಂದು ರೀಲ್‌ಗೆ ಸರಾಸರಿ 70 ಸಾವಿರ ಬೀಳುತ್ತದೆ. ಆದರೆ 70 ಸಾವಿರದ ಹತ್ತಿರ ಸುಳಿದ ರೀಲ್ ಒಂದಾದರೂ ಇದೆಯೇ? ಹನ್ನೊಂದು ರೀಲ್‌ಗಳು 14 ಸಾವಿರದೊಳಗೇ ಇವೆ. ಅಂಗಡಿಯವರು ದುಡ್ಡು ಕೊಟ್ಟು ಮಾಡಿಸುವ ರೀಲ್ ಆ ಹನ್ನೊಂದರ ಗುಂಪಿಗೆ ಸೇರುತ್ತದೆಯೇ ಹೊರತು ಹನ್ನೆರಡನೆಯದರ ಪಕ್ಕದಲ್ಲಿ ಕೂರುವುದಿಲ್ಲ.

ಆದ್ದರಿಂದ ಸರಾಸರಿಯನ್ನು ಬಿಟ್ಟು ನಡುವಿನ ಅಂಕಿಯನ್ನು ಹಿಡಿಯಬೇಕು. ಸಾಲಾಗಿ ಜೋಡಿಸಿದಾಗ ಆರನೆಯದು 5,000, ಏಳನೆಯದು 5,400. ಇವುಗಳ ಮಧ್ಯೆ 5,200. ಅರ್ಧ ರೀಲ್‌ಗಳು ಇದಕ್ಕಿಂತ ಮೇಲೆ, ಅರ್ಧ ಕೆಳಗೆ. ಶಾಲೆಯಲ್ಲಿ ಮಧ್ಯಾಂಕ ಎಂದು ಕಲಿತದ್ದು ಇದನ್ನೇ. ಒಂದು ರೀಲ್ ಎಷ್ಟೇ ಹಾರಿದರೂ ಈ ಅಂಕಿ ಅಲುಗಾಡುವುದಿಲ್ಲ. 7,80,000ದ ಜಾಗದಲ್ಲಿ 70 ಲಕ್ಷವಿದ್ದರೂ 5,200 ಅಲ್ಲೇ ಇರುತ್ತದೆ.

ಹಾಗಾದರೆ ಹಾರಿದ ರೀಲ್ ಬಗ್ಗೆ ಹೇಳಲೇಬಾರದೇ ಎಂದು ಆಕೆ ಕೇಳಿದಳು. ಹೇಳಬೇಕು, ಬೇರೆ ವಾಕ್ಯದಲ್ಲಿ ಹೇಳಬೇಕು. ಅದು ಏಕೆ ಹಾರಿತು, ಯಾರು ನೋಡಿದರು ಎಂಬುದನ್ನು ನೋಡಿದರೆ ಕಾರಣ ತಿಳಿಯುತ್ತದೆ. ಅದರಲ್ಲಿ ಆಕೆಯ ಅಜ್ಜಿ ಲಟ್ಟಣಿಗೆ ಮುಟ್ಟದೆ, ಎರಡೂ ಅಂಗೈ ನಡುವೆ ತಿರುಗಿಸುತ್ತ ಕೈಯಲ್ಲೇ ರೊಟ್ಟಿ ತಟ್ಟುತ್ತಾರೆ. ಮಾತಿಲ್ಲ, ಆಗ ಎಲ್ಲರೂ ಬಳಸುತ್ತಿದ್ದ ಒಂದು ಹಾಡಿನ ತುಣುಕು ಮಾತ್ರ. ಮಾತಿಲ್ಲದ ರೀಲ್‌ಗೆ ಭಾಷೆಯ ಗಡಿ ಇರುವುದಿಲ್ಲ. ಜೋಳದ ರೊಟ್ಟಿ ನಮ್ಮಲ್ಲಿ ಹೇಗೋ ಸೋಲಾಪುರ, ಪುಣೆಯ ಕಡೆ ಭಾಕರಿ ಹಾಗೆ. ಕಮೆಂಟ್‌ಗಳಲ್ಲಿ ಮುಕ್ಕಾಲು ಭಾಗ ಮರಾಠಿ. ಆ ತಿಂಗಳ ನೋಡುಗರ ಊರುಗಳ ಪಟ್ಟಿಯಲ್ಲಿ ಪುಣೆ ನೂರಕ್ಕೆ 18, ಮುಂಬೈ 15, ಬೆಂಗಳೂರು 11. ಹುಬ್ಬಳ್ಳಿ ಬರೀ 3. ಹುಬ್ಬಳ್ಳಿಯ ರೊಟ್ಟಿ ಅಂಗಡಿಯವರಿಗೆ ಆ 7.8 ಲಕ್ಷದಿಂದ ಏನಾಗಬೇಕಿದೆ ಹೇಳಿ.

ಇಲ್ಲಿ ವೀಕ್ಷಣೆಗೂ ರೀಚ್‌ಗೂ ಇರುವ ಅಂತರವನ್ನೂ ಹೇಳಬೇಕು. ಒಬ್ಬನೇ ಒಂದು ರೀಲನ್ನು ನಾಲ್ಕು ಸಲ ನೋಡಿದರೆ ವೀಕ್ಷಣೆ ನಾಲ್ಕು, ರೀಚ್ ಒಂದು. ವೀಕ್ಷಣೆಯ ಅಂಕಿ ಕೊಟ್ಟು ಕೆಳಗೆ ‘ಇಷ್ಟು ಜನರನ್ನು ತಲುಪುತ್ತೇನೆ’ ಎಂದು ಬರೆಯುವುದು ಕಿಟ್‌ಗಳಲ್ಲಿ ನಾನು ಕಾಣುವ ಅತಿ ಸಾಮಾನ್ಯ ದೋಷ. ಯೂಟ್ಯೂಬ್ ಶಾರ್ಟ್ಸ್ ಮಾಡುವವರು ಇನ್ನೂ ಒಂದು ವಿಷಯ ನೆನಪಿಡಬೇಕು. 2025ರ ಮಾರ್ಚ್ 31ರಿಂದ ಅಲ್ಲಿ ಎಣಿಕೆಯ ಕ್ರಮವೇ ಬದಲಾಗಿದೆ. ವಿಡಿಯೊ ಶುರುವಾದರೆ ಸಾಕು, ಮತ್ತೆ ಶುರುವಾದರೂ ಸರಿ, ಒಂದು ವೀಕ್ಷಣೆ. ಹಾಗಾಗಿ ಅದಕ್ಕೂ ಹಿಂದಿನ ಅಂಕಿಯನ್ನು ಈಗಿನದಕ್ಕೆ ಹೋಲಿಸಿ ‘ಒಂದೇ ವರ್ಷದಲ್ಲಿ ದುಪ್ಪಟ್ಟಾದೆ’ ಎಂದು ಬರೆದರೆ, ಬೆಳೆದದ್ದು ನೀವೋ ಎಣಿಕೆಯೋ ಎಂಬ ಪ್ರಶ್ನೆ ಬರುತ್ತದೆ.

ಇನ್ನು 24 ಸಾವಿರ ಫಾಲೋವರ್‌ಗಳು. ಪ್ರೊಫೈಲ್ ತೆರೆದರೆ ಎಲ್ಲರಿಗೂ ಕಾಣುವ ಅಂಕಿ ಇದು, ಪರಿಚಯದಲ್ಲಿ ಬರೆದರೆ ಹೊಸದಾಗಿ ಏನೂ ತಿಳಿಯುವುದಿಲ್ಲ. ತಿಳಿಸಬೇಕಾದದ್ದು ನಿಮಗೆ ಮಾತ್ರ ಕಾಣುವ ಪಟ್ಟಿಯನ್ನು: ಅವರು ಯಾವ ಊರಿನವರು, ಗಂಡಸರೋ ಹೆಂಗಸರೋ, ಯಾವ ವಯಸ್ಸಿನವರು. ವೃತ್ತಿಪರ ಖಾತೆ ಇದ್ದವರಿಗೆ ಇನ್‌ಸೈಟ್ಸ್‌ನಲ್ಲಿ ಇದು ಸಿಗುತ್ತದೆ. ಆಕೆಯ ಫಾಲೋವರ್‌ಗಳ ಪಟ್ಟಿಯಲ್ಲಿ ಬೆಂಗಳೂರು ನೂರಕ್ಕೆ 21, ಹುಬ್ಬಳ್ಳಿ 14, ಪುಣೆ 11, ಗದಗ 9, ಸೋಲಾಪುರ 6 ಇದ್ದವು. ಹೆಂಗಸರು ನೂರಕ್ಕೆ 63.

ಹುಬ್ಬಳ್ಳಿ, ಗದಗ ಸೇರಿ ನೂರಕ್ಕೆ 23. 24 ಸಾವಿರದಲ್ಲಿ ಅದು 5,520 ಆಗುತ್ತದೆ. ನನ್ನ ಅಂಗಡಿಯವರಿಗೆ ಕೆಲಸಕ್ಕೆ ಬರುವ ಅಂಕಿ 24 ಸಾವಿರವಲ್ಲ, ಇದು. ಚಿಕ್ಕದಾಗಿ ಕಾಣುತ್ತದೆ ಎಂದು ಆಕೆಗೆ ಅಳುಕು. ಅಂಗಡಿಗೆ ಬರಬಹುದಾದ ಐದು ಸಾವಿರ ಚಿಲ್ಲರೆ ಜನ ಎಂದರೆ ಯಜಮಾನರು ಕುರ್ಚಿ ಮುಂದೆಳೆದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆದರೂ ಇದು ಅಂದಾಜು ಎಂಬುದನ್ನು ಮರೆಯುವಂತಿಲ್ಲ. ಊರನ್ನು ಇನ್‌ಸ್ಟಾಗ್ರಾಂ ತಾನೇ ಊಹಿಸುತ್ತದೆ, ಯಾರ ಮನೆ ಬಾಗಿಲಿಗೂ ಹೋಗಿ ಕೇಳಿ ಬಂದದ್ದಲ್ಲ. ಮೇಲಾಗಿ ಆ 5,520 ಜನರೆಲ್ಲ ಪ್ರತಿ ರೀಲನ್ನೂ ನೋಡುವುದಿಲ್ಲ. ಆದ್ದರಿಂದ 5,200 ವೀಕ್ಷಣೆಯಲ್ಲಿ ನೂರಕ್ಕೆ 23 ಎಂದು ಲೆಕ್ಕ ಹಾಕಿ ‘ಇಷ್ಟು ಹುಬ್ಬಳ್ಳಿ, ಗದಗದವರು ನೋಡುತ್ತಾರೆ’ ಎಂದು ಬರೆಯಬೇಡಿ. ಫಾಲೋವರ್‌ಗಳ ಪಟ್ಟಿ ಬೇರೆ, ನೋಡುಗರ ಪಟ್ಟಿ ಬೇರೆ. ಹಾರಿದ ರೀಲ್‌ನ ತಿಂಗಳಿನಲ್ಲಿ ಅವೆರಡೂ ಎಷ್ಟು ದೂರ ಹೋಗಿದ್ದವು ಎಂಬುದನ್ನು ಈಗಷ್ಟೇ ನೋಡಿದಿರಿ. ಯಾವ ಪಟ್ಟಿ, ಯಾವ ದಿನದ್ದು ಎಂಬುದನ್ನು ಅಂಕಿಯ ಪಕ್ಕದಲ್ಲೇ ಬರೆಯಿರಿ.

ಬೆಂಗಳೂರಿನ 21ರ ಬಗ್ಗೆ ಒಂದು ಮಾತು. ‘ಸರ್, ಅವರೆಲ್ಲ ನಮ್ಮ ಕಡೆಯವರೇ, ಕೆಲಸಕ್ಕೆ ಹೋಗಿ ಅಲ್ಲಿದ್ದಾರೆ, ರೊಟ್ಟಿಗೆ ಹಂಬಲಿಸುತ್ತಾರೆ’ ಎಂದು ಆಕೆ ಹೇಳಿದಳು. ಇರಬಹುದು. ಬೆಂಗಳೂರಿಗೆ ಪಾರ್ಸಲ್ ಕಳಿಸುವ ಅಂಗಡಿಗೆ ಅದು ಬಹಳ ಬೆಲೆಯ ಮಾತು ಕೂಡ. ಆದರೆ ಇನ್‌ಸೈಟ್ಸ್ ಯಾರ ಹುಟ್ಟೂರನ್ನೂ ಹೇಳುವುದಿಲ್ಲ. ಹಾಗಾದರೆ ಕೇಳಿ ನೋಡು ಎಂದೆ. ಆಕೆ ಸ್ಟೋರಿಯಲ್ಲಿ ‘ಬೆಂಗಳೂರಿನಲ್ಲಿರುವವರು ಮಾತ್ರ ಉತ್ತರಿಸಿ: ನಿಮ್ಮ ಊರು ಧಾರವಾಡ, ಗದಗ, ಹಾವೇರಿ ಕಡೆಯದೇ?’ ಎಂದು ಹಾಕಿದಳು. 410 ಜನ ಉತ್ತರಿಸಿದರು, 290 ಜನ ಹೌದು ಎಂದರು. ಇದನ್ನು ‘ನನ್ನ ಬೆಂಗಳೂರಿನ ಫಾಲೋವರ್‌ಗಳಲ್ಲಿ ನೂರಕ್ಕೆ 70 ಜನ ಉತ್ತರ ಕರ್ನಾಟಕದವರು’ ಎಂದು ಬರೆಯುವಂತಿಲ್ಲ, ಏಕೆಂದರೆ ಊರಿನ ಹೆಸರು ಕಂಡು ಖುಷಿಯಾದವರೇ ಬೆರಳೆತ್ತಿರುತ್ತಾರೆ, ಉಳಿದವರು ಮುಂದೆ ಸರಿದಿರುತ್ತಾರೆ. ‘ಉತ್ತರಿಸಿದ 410 ಜನರಲ್ಲಿ 290 ಜನ’ ಎಂದು ಬರೆಯಬಹುದು. ಬರೆದದ್ದೂ ಹಾಗೆಯೇ.

ಈಗ ‘ಫುಡ್ ಮತ್ತು ಲೈಫ್‌ಸ್ಟೈಲ್’. ಧಾರವಾಡ ಜಿಲ್ಲೆಯೊಂದರಿಂದಲೇ ನನಗೆ ಬರುವ ಕಿಟ್‌ಗಳಲ್ಲಿ ಈ ಎರಡು ಪದಗಳಿಲ್ಲದ್ದು ಅಪರೂಪ. ಬೆಳಗಿನ ಚಹಾದಿಂದ ರಾತ್ರಿಯ ಚಪ್ಪಲಿಯವರೆಗೆ ಲೈಫ್‌ಸ್ಟೈಲ್ ಅಲ್ಲದ್ದು ಯಾವುದಿದೆ? ನಿಮ್ಮ ವಿಷಯ ಯಾವುದು ಎಂಬುದನ್ನು ನೀವು ಏನಾಗಬೇಕೆಂದಿದ್ದೀರಿ ಎಂಬುದರಿಂದ ತೀರ್ಮಾನಿಸಬೇಡಿ. ಈಗಾಗಲೇ ಏನು ಹಾಕಿದ್ದೀರಿ, ಜನ ಅದರಲ್ಲಿ ಯಾವುದನ್ನು ಇಟ್ಟುಕೊಂಡಿದ್ದಾರೆ ಎಂಬುದರಿಂದ ತೀರ್ಮಾನಿಸಿ. ಕೊನೆಯ ನಲವತ್ತು ಪೋಸ್ಟ್‌ಗಳನ್ನು ಆಕೆ ಎಣಿಸಿದಳು. ಇಪ್ಪತ್ತಾರು ರೊಟ್ಟಿ, ಪಲ್ಯ, ಹಿಂಡಿಗಳದ್ದು. ಆರು ಹಬ್ಬದ ಸಿಹಿತಿನಿಸು. ನಾಲ್ಕು ಸೀರೆ, ನಾಲ್ಕು ಊರು ತಿರುಗಿದ್ದು.

ಆಮೇಲೆ ಸೇವ್ ಎಷ್ಟಾಗಿದೆ ಎಂದು ನೋಡಿದೆವು. ಲೈಕ್ ಒತ್ತುವುದಕ್ಕೆ ಕಾರಣವೇ ಬೇಕಿಲ್ಲ, ಸೇವ್ ಮಾಡುವವರು ಮತ್ತೆ ನೋಡಬೇಕೆಂದು ಮಾಡುತ್ತಾರೆ. ಅಜ್ಜಿಯ ರೀಲ್‌ಗೆ 7.8 ಲಕ್ಷ ವೀಕ್ಷಣೆಯಲ್ಲಿ 1,900 ಸೇವ್. ಸಾವಿರಕ್ಕೆ ಎರಡೂವರೆಯೂ ಬೀಳಲಿಲ್ಲ. ಅದೇ ತಿಂಗಳ 6,100 ವೀಕ್ಷಣೆಯ ಇನ್ನೊಂದು ರೀಲ್‌ಗೆ 540 ಸೇವ್, ನೂರಕ್ಕೆ ಒಂಬತ್ತರ ಹತ್ತಿರ. ಅದು ಯಾವುದು ಗೊತ್ತೇ? ಹಿಟ್ಟಿಗೆ ಜಿಗಿ ಇಲ್ಲದಿದ್ದರೆ ಏನು ಮಾಡಬೇಕು ಎಂಬುದು. ಜೋಳದಲ್ಲಿ ಗೋಧಿಯ ಹಾಗೆ ಅಂಟಿನ ಗ್ಲುಟನ್ ಇಲ್ಲ. ಕುದಿಯುವ ನೀರು ಹಾಕಿದಾಗ ಹಿಟ್ಟಿನ ಪಿಷ್ಟ ಉಬ್ಬಿ ಹಿಡಿದುಕೊಳ್ಳುವುದರಿಂದ ಅಷ್ಟೋ ಇಷ್ಟೋ ಕಟ್ಟು ಬರುತ್ತದೆ. ಗಿರಣಿಯಿಂದ ತಂದು ಬಹಳ ದಿನವಾದ ಹಿಟ್ಟಾದರೆ ಅದೂ ಕಡಿಮೆ, ತಟ್ಟುವಾಗಲೇ ಅಂಚು ಬಿರಿಯುತ್ತದೆ. ಆಕೆ ಅರ್ಧ ಹಿಟ್ಟಿಗೆ ಕುದಿ ನೀರು ಹಾಕಿ ಕಲಸಿ, ಆರುವ ಮೊದಲೇ ಉಳಿದ ಹಿಟ್ಟು ಸೇರಿಸಿ ನಾದುವುದನ್ನು ಕೈಯ ಹತ್ತಿರದಿಂದ ತೋರಿಸಿದ್ದಳು. ಕೆಳಗೆ ಪ್ರಶ್ನೆಗಳ ಸಾಲು: ‘ಅಕ್ಕ, ಪ್ಯಾಕೆಟ್ ಹಿಟ್ಟಿಗೂ ಹೀಗೇ ಮಾಡಬೇಕೇ?’, ‘ಅಕ್ಕ, ನನ್ನ ರೊಟ್ಟಿ ಹಂಚಿನ ಮೇಲೆ ಉಬ್ಬುವುದೇ ಇಲ್ಲ.’ ಕೇಳುತ್ತಿರುವವರು ರೊಟ್ಟಿ ಬಲ್ಲವರಲ್ಲ, ಮದುವೆಯಾಗಿ ಅಥವಾ ಕೆಲಸಕ್ಕೆಂದು ಮನೆ ಬಿಟ್ಟು ಈಗ ಕಲಿಯುತ್ತಿರುವವರು. ಆಕೆಯ ವಿಷಯ ಅಲ್ಲಿ ಸಿಕ್ಕಿತು: ರೊಟ್ಟಿ ಊಟವನ್ನು ಹೊಸದಾಗಿ ಕಲಿಯುವವರಿಗೆ ಕನ್ನಡದಲ್ಲಿ ತೋರಿಸುವುದು. ಇಷ್ಟು ಕಿರಿದು ಮಾಡಿದರೆ ಸೀರೆ ಅಂಗಡಿಯವರು ಕರೆಯುವುದಿಲ್ಲವಲ್ಲ ಎಂದಳು. ಕರೆಯದಿರಬಹುದು. ಸೀರೆಯ ರೀಲ್‌ಗಳಿಗೆ ಆಕೆಯ ಜನ ಸೊಪ್ಪು ಹಾಕುತ್ತಿರಲಿಲ್ಲ ಎಂಬುದು ಪಟ್ಟಿಯಲ್ಲೇ ಇತ್ತು.

ಕೊನೆಯ ಸಾಲು, ‘ಆರು ಪ್ರಮುಖ ಬ್ರ್ಯಾಂಡ್‌ಗಳು’. ಕೆಳಗೆ ಆರು ಲೋಗೊ. ಪ್ರತಿಯೊಂದಕ್ಕೂ ಮೂರೇ ಪ್ರಶ್ನೆ ಕೇಳಿದೆ: ಯಾರು ಯಾರನ್ನು ಸಂಪರ್ಕಿಸಿದರು, ಏನು ಕೊಟ್ಟರು, ನೀನು ಏನು ಮಾಡಿಕೊಟ್ಟೆ.

ಗದಗದ ಸೀರೆ ಅಂಗಡಿ ಕರೆದು, 4,000 ರೂಪಾಯಿ ಕೊಟ್ಟು ಒಂದು ರೀಲ್ ಮಾಡಿಸಿಕೊಂಡಿತ್ತು. ಇದು ಹಣದ ಕೆಲಸ. ಚಟ್ನಿಪುಡಿ ಮಾಡುವ ಮನೆ ಉದ್ಯಮವೊಂದು ಪುಡಿಗಳ ಡಬ್ಬಿ ಕಳಿಸಿತ್ತು, ಆಕೆ ಒಂದು ರೀಲ್, ಎರಡು ಸ್ಟೋರಿ ಮಾಡಿದ್ದಳು. ಒಂದು ಹೋಟೆಲು ಇಬ್ಬರಿಗೆ ಊಟ ಕೊಟ್ಟಿತ್ತು, ಅಲ್ಲೊಂದು ರೀಲ್. ಇವೆರಡೂ ವಸ್ತುವಿಗೆ ಬದಲಾಗಿ ಮಾಡಿದ ಕೆಲಸ, ಬಾರ್ಟರ್ ಎನ್ನುತ್ತಾರೆ. ಉಳಿದ ಮೂರು? ಮಿಕ್ಸರ್ ಕಂಪನಿಯ ಖಾತೆ ಒಮ್ಮೆ ಆಕೆಯ ಸ್ಟೋರಿಯನ್ನು ತನ್ನ ಸ್ಟೋರಿಯಲ್ಲಿ ಹಂಚಿಕೊಂಡಿತ್ತು, ಅಷ್ಟೇ. ಆನ್‌ಲೈನ್ ಮಳಿಗೆಯೊಂದರ ಅಫಿಲಿಯೇಟ್ ಲಿಂಕ್ ಹಾಕಿದ್ದಳು. ಆ ಯೋಜನೆಗೆ ಅರ್ಜಿ ಹಾಕಿದವರು ಸೇರಿಕೊಳ್ಳುತ್ತಾರೆ, ಮಳಿಗೆಯವರು ಈಕೆಯನ್ನು ಆರಿಸಿ ಕರೆದದ್ದಲ್ಲ. ಎಣ್ಣೆಯ ಬ್ರ್ಯಾಂಡನ್ನು ತಾನೇ ಕೊಂಡು ಬಳಸಿ ಟ್ಯಾಗ್ ಮಾಡಿದ್ದಳು. ಈ ಮೂರೂ ಸಹಯೋಗವಲ್ಲ. ಹೀಗೆ ಆರು ಲೋಗೊ ಮೂರಕ್ಕೆ ಇಳಿಯಿತು, ಅದರಲ್ಲೂ ಹಣದ್ದು ಒಂದೇ. ಆ ಮೂರರ ಲೋಗೊ ಹಾಕಲೂ ಅವರನ್ನು ಕೇಳಿ, ವಾಟ್ಸಾಪ್‌ನಲ್ಲಾದರೂ ಒಪ್ಪಿಗೆಯ ಸಾಲು ಪಡೆದಿಟ್ಟುಕೋ ಎಂದೆ. ಒಪ್ಪದಿದ್ದರೆ ‘ಗದಗದ ಒಂದು ಸೀರೆ ಅಂಗಡಿ’ ಎಂದು ಬರೆದರೂ ಕೆಲಸ ನಡೆಯುತ್ತದೆ.

ಹಣದ್ದೋ ವಸ್ತುವಿನದ್ದೋ ಎಂದು ಬಿಡಿಸಿ ಬರೆದರೆ ತನ್ನ ಬೆಲೆ ಇಳಿಯುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ನಾವು ಓದುವವರು ಅದನ್ನು ಹೇಗಿದ್ದರೂ ಪತ್ತೆ ಹಚ್ಚುತ್ತೇವೆ. ಕಿಟ್‌ನಲ್ಲಿ ಹೆಸರಿದ್ದರೆ ಆ ಪೋಸ್ಟನ್ನು ತೆರೆದು, ಅದರ ಮೇಲೆ ಜಾಹೀರಾತು ಎಂಬ ಗುರುತು ಇದೆಯೇ ಎಂದು ನೋಡುತ್ತೇವೆ. ಕಿಟ್ ‘ಹಣ ಪಡೆದು ಮಾಡಿದ ಕೆಲಸ’ ಎನ್ನುತ್ತದೆ, ಪೋಸ್ಟ್‌ನಲ್ಲಿ ಗುರುತೇ ಇಲ್ಲ. ಹಾಗಿದ್ದರೆ ಎರಡರಲ್ಲಿ ಒಂದು ಸುಳ್ಳು, ಅಥವಾ ನಿಯಮ ತಪ್ಪಿದೆ. ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿಯಲ್ಲಿದೆ. ಹಣ ಮಾತ್ರವಲ್ಲ, ಪುಕ್ಕಟೆ ವಸ್ತು, ಊಟ, ಪ್ರವಾಸ, ರಿಯಾಯಿತಿ ಯಾವುದು ಪಡೆದಿದ್ದರೂ ಹೇಳಬೇಕು. ಹದಿನೈದು ಸೆಕೆಂಡಿನೊಳಗಿನ ವಿಡಿಯೊದಲ್ಲಿ ಗುರುತು ಕನಿಷ್ಠ ಮೂರು ಸೆಕೆಂಡು ಇರಬೇಕು. ಅದಕ್ಕಿಂತ ಉದ್ದ, ಎರಡು ನಿಮಿಷದೊಳಗಿದ್ದರೆ ವಿಡಿಯೊದ ಮೂರನೇ ಒಂದು ಭಾಗದಷ್ಟು ಹೊತ್ತು. ಇಂಗ್ಲಿಷಿನಲ್ಲೇ ಹಾಕಬೇಕೆಂದಿಲ್ಲ, ವಿಡಿಯೊ ಕನ್ನಡದ್ದಾದರೆ ‘ಜಾಹೀರಾತು’ ಎಂದೇ ಹಾಕಬಹುದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರ ಜನವರಿಯಲ್ಲಿ ಇದೇ ಧಾಟಿಯ ಸೂಚನೆ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಮೋದಿಸಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ಗುರುತಿಲ್ಲದ ಪೋಸ್ಟನ್ನು ಹೆಮ್ಮೆಯಿಂದ ಕಿಟ್‌ಗೆ ಅಂಟಿಸುವವರನ್ನು ಕಂಡರೆ ನನ್ನ ಅಂಗಡಿಯವರ ಪರವಾಗಿ ನನಗೇ ದಿಗಿಲಾಗುತ್ತದೆ.

ಸಹಯೋಗದ ಫಲಿತಾಂಶ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಪ್ರಾಯೋಜಿತ ರೀಲ್‌ಗಳು ಸಾಮಾನ್ಯವಾಗಿ ನಿಮ್ಮ ಉಳಿದ ರೀಲ್‌ಗಳಿಗಿಂತ ಕಡಿಮೆ ಓಡುತ್ತವೆ. ಆಕೆಯ ಮೂರೂ ಹಾಗೆಯೇ: 2,800, 3,300, 4,100. ಕಿಟ್‌ನಲ್ಲಿ ಇವುಗಳನ್ನು ಬೇರೆಯಾಗಿ ಕೊಡಿ. ಅಂಗಡಿಯವರು ಕೊಳ್ಳುತ್ತಿರುವುದು ಇಂಥ ರೀಲನ್ನೇ. ಇನ್ನು ಮಾರಾಟದ ಮಾತು. ‘ನನ್ನ ರೀಲ್‌ನಿಂದ ವ್ಯಾಪಾರ ಹೆಚ್ಚಿತು’ ಎಂದು ನೀವು ಹೇಳಲು ಬರುವುದಿಲ್ಲ, ಗಲ್ಲಾಪೆಟ್ಟಿಗೆ ನಿಮ್ಮ ಮುಂದಿಲ್ಲ. ಚಟ್ನಿಪುಡಿಯವರು ಆಕೆಗೆ ಒಂದು ರಿಯಾಯಿತಿ ಕೋಡ್ ಕೊಟ್ಟಿದ್ದರು. ಅವರನ್ನೇ ಕೇಳಿದೆವು. ತಮ್ಮ ಆರ್ಡರ್ ಪುಸ್ತಕ ತಿರುವಿ, ‘ಮೂವತ್ತೇಳು ಆರ್ಡರ್ ಆ ಕೋಡ್‌ನಲ್ಲಿ ಬಂದಿವೆ ತಂಗಿ, ಬರೆದುಕೋ, ನನ್ನ ಅಭ್ಯಂತರವಿಲ್ಲ’ ಎಂದರು. ಕೋಡ್ ಹೇಳದೆ ಕೊಂಡವರು ಈ ಲೆಕ್ಕದಲ್ಲಿಲ್ಲ, ರೀಲ್ ನೋಡದೆಯೂ ಕೊಳ್ಳುತ್ತಿದ್ದ ಹಳೆಯ ಗಿರಾಕಿಗಳು ಇದರಲ್ಲಿ ಇರಬಹುದು. ಇದ್ದರೂ 37 ಎಂಬುದು ಯಾರು ಬೇಕಾದರೂ ಫೋನ್ ಮಾಡಿ ಕೇಳಬಹುದಾದ ಅಂಕಿ.

ಇಷ್ಟೆಲ್ಲ ಆದ ಮೇಲೆ ಆಕೆ ಬರೆದ ಪರಿಚಯ ಇದು:

‘ಗದಗ-ಬೆಟಗೇರಿಯವಳು. ಜೋಳ, ಸಜ್ಜೆ ರೊಟ್ಟಿ, ಪಲ್ಯ, ಹಿಂಡಿ ಮಾಡುವುದನ್ನು ಹೊಸದಾಗಿ ಕಲಿಯುವವರಿಗೆ ಕನ್ನಡದಲ್ಲಿ ತೋರಿಸುತ್ತೇನೆ. ಇನ್‌ಸ್ಟಾಗ್ರಾಂನ 24,000 ಫಾಲೋವರ್‌ಗಳಲ್ಲಿ ನೂರಕ್ಕೆ 63 ಹೆಂಗಸರು. ಬೆಂಗಳೂರು 21, ಹುಬ್ಬಳ್ಳಿ 14, ಪುಣೆ 11, ಗದಗ 9. ಸ್ಟೋರಿಯಲ್ಲಿ ಕೇಳಿದಾಗ ಉತ್ತರಿಸಿದ 410 ಬೆಂಗಳೂರಿನವರಲ್ಲಿ 290 ಜನ ಧಾರವಾಡ, ಗದಗ, ಹಾವೇರಿ ಕಡೆಯವರು. ಕಳೆದ ತಿಂಗಳ ಹನ್ನೆರಡು ರೀಲ್‌ಗಳಲ್ಲಿ ಅರ್ಧದಷ್ಟು 5,200ಕ್ಕಿಂತ ಹೆಚ್ಚು ವೀಕ್ಷಣೆ ಪಡೆದಿವೆ. ಒಂದು ಮಾತ್ರ 7.8 ಲಕ್ಷ ಮುಟ್ಟಿತು; ಅದನ್ನು ಹೆಚ್ಚಾಗಿ ನೋಡಿದವರು ಮಹಾರಾಷ್ಟ್ರದವರು. ಇದುವರೆಗೆ ಹಣ ಪಡೆದು ಒಂದು, ವಸ್ತು ಅಥವಾ ಊಟ ಪಡೆದು ಎರಡು ಸಹಯೋಗ ಮಾಡಿದ್ದೇನೆ. ಆ ರೀಲ್‌ಗಳ ವೀಕ್ಷಣೆ 2,800ರಿಂದ 4,100. ಚಟ್ನಿಪುಡಿಯ ಕೋಡ್‌ನಿಂದ 37 ಆರ್ಡರ್ ಬಂದವು ಎಂದು ತಯಾರಕರು ತಿಳಿಸಿದ್ದಾರೆ.’

ಕೆಳಗೆ ತಾರೀಖು, ಮತ್ತು ‘ಅಂಕಿಗಳು ಇನ್‌ಸ್ಟಾಗ್ರಾಂ ಇನ್‌ಸೈಟ್ಸ್‌ನವು, ಕೇಳಿದರೆ ಪರದೆಯ ರೆಕಾರ್ಡಿಂಗ್ ಕಳಿಸುತ್ತೇನೆ’ ಎಂಬ ಒಂದು ಸಾಲು. ಸ್ಕ್ರೀನ್‌ಶಾಟ್‌ನ ಅಂಕಿ ತಿದ್ದುವುದು ಮಕ್ಕಳಾಟ, ಹಾಗಾಗಿ ಈಗ ನಾವು ಇನ್‌ಸೈಟ್ಸ್ ತೆರೆದು ಕೆಳಗಿನವರೆಗೆ ಸರಿಸುವ ರೆಕಾರ್ಡಿಂಗನ್ನೇ ಕೇಳುತ್ತೇವೆ. ದರ ಬರೆದಿಲ್ಲ, ಅದು ಕೆಲಸ ನೋಡಿ ಮಾತನಾಡುವ ವಿಷಯ. ಮೂರು ತಿಂಗಳಿಗೊಮ್ಮೆ ಅಂಕಿ ಹೊಸದು ಮಾಡಬೇಕು, ನಡುವೆ ಇನ್ನೊಂದು ರೀಲ್ ಹಾರಿದರೆ ಊರುಗಳ ಪಟ್ಟಿಯನ್ನು ತಕ್ಷಣ ಮತ್ತೆ ನೋಡಬೇಕು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಒಂದೂ ಸಹಯೋಗ ಮಾಡಿಲ್ಲದವರು ಏನು ಬರೆಯಬೇಕು ಎಂದು ಒಬ್ಬ ಹುಡುಗ ಕೇಳಿದ. ಬ್ಯಾಡಗಿ ಹತ್ತಿರದ ಹಳ್ಳಿಯವನು, ಮೆಣಸಿನಕಾಯಿ ಬೆಳೆಯ ಬಗ್ಗೆ ವಿಡಿಯೊ ಮಾಡುತ್ತಾನೆ. ‘ಇದುವರೆಗೆ ಸಹಯೋಗ ಮಾಡಿಲ್ಲ’ ಎಂದೇ ಬರೆ ಎಂದೆ. ಜೊತೆಗೆ ತಾನೇ ದುಡ್ಡು ಕೊಟ್ಟು ಕೊಂಡ ಒಂದು ವಸ್ತುವಿನ ಬಗ್ಗೆ, ಪ್ರಾಯೋಜಿತ ವಿಡಿಯೊ ಮಾಡಿದರೆ ಹೇಗಿರುತ್ತದೋ ಹಾಗೆ ಒಂದು ವಿಡಿಯೊ ಮಾಡಿ, ಅದರ ಕೆಳಗೆ ‘ಮಾದರಿ, ಸ್ವಂತ ಖರ್ಚಿನಲ್ಲಿ’ ಎಂದು ಬರೆದು ಲಿಂಕ್ ಕೊಡಬಹುದು. ಓದುವವರಿಗೆ ಕೈಚಳಕ ತಿಳಿಯುತ್ತದೆ, ಇಲ್ಲದ ನಂಟು ಇದೆ ಎಂದಂತೆಯೂ ಆಗುವುದಿಲ್ಲ.

ಇನ್ನೊಂದು ಪ್ರಶ್ನೆ ನಿರೀಕ್ಷಿಸಿದ್ದೇ: ರೊಟ್ಟಿ ಅಂಗಡಿಯವರು ಕೊನೆಗೆ ಆಕೆಗೆ ಕೆಲಸ ಕೊಟ್ಟರೇ? ಕೊಟ್ಟರು, ಆದರೆ ಕೇಳಿದ್ದಕ್ಕಿಂತ ಕಡಿಮೆ ಹಣಕ್ಕೆ. ಪರಿಚಯ ಓದಿದ ಯಜಮಾನರು ಮೊದಲು ಚಟ್ನಿಪುಡಿಯವರ ನಂಬರ್ ಕೇಳಿ ಫೋನ್ ಮಾಡಿದರು. ಆಮೇಲೆ, ‘ಅಜ್ಜಿಯಂಥ ರೀಲ್ ಬೇಡ ತಂಗಿ, ಆ ಹಿಟ್ಟಿನ ಜಿಗಿ ಹೇಳಿದೆಯಲ್ಲ, ಅಂಥದ್ದು ಮಾಡು’ ಎಂದರು. ಬೆಂಗಳೂರಿನ ಪಾರ್ಸಲ್‌ಗೆ ಒಂದು ಕೋಡ್, ಅಂಗಡಿಗೆ ಬಂದವರಿಗೆ ಇನ್ನೊಂದು ಕೋಡ್ ಇಟ್ಟಿದ್ದಾರೆ. ಲೆಕ್ಕ ತಿಂಗಳ ಕೊನೆಗೆ ಸಿಗುತ್ತದೆ. ಅಲ್ಲಿಯವರೆಗೆ ಆಕೆಯ ಕಿಟ್‌ನಲ್ಲಿ ಆ ಅಂಗಡಿಯ ಹೆಸರಿನ ಮುಂದೆ ‘ನಡೆಯುತ್ತಿದೆ’ ಎಂದಷ್ಟೇ ಇದೆ.